ಉಳಿತಾಯ ಯೋಜನೆಯ ಮೋಷನ್ ಗ್ರಾಫಿಕ್ಸ್ ವಿಡಿಯೊ

ಬಡ್ಡಿ, ಅವಧಿ, ಚಕ್ರಬಡ್ಡಿಯಂಥ ಕಣ್ಣಿಗೆ ಕಾಣದ ಸಂಗತಿಗಳನ್ನು ಚಲಿಸುವ ರೇಖಾಚಿತ್ರಗಳಿಂದ ವಿವರಿಸುವ ಕಿರುಚಿತ್ರ.

2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಯೋಜನೆಯನ್ನು ತೆಗೆದುಕೊಳ್ಳೋಣ. ಹೆಣ್ಣುಮಗುವಿನ ಹೆಸರಿನ ಈ ಖಾತೆಗೆ ಹಣ ಕಟ್ಟುವುದು 15 ವರ್ಷ, ಅವಧಿ ಮುಗಿಯುವುದು 21 ವರ್ಷಕ್ಕೆ. ಕೊನೆಯ ಆರು ವರ್ಷ ಏನೂ ಕಟ್ಟದಿದ್ದರೂ ಹಣ ಬೆಳೆಯುತ್ತದೆ ಎಂಬುದನ್ನು ತೋರಿಸುವುದೇ ಕಷ್ಟ. ಎಲ್ಲರಿಗೂ ಮೊದಲು ಹೊಳೆಯುವ ಹುಂಡಿ ಇಲ್ಲಿ ಕೈಕೊಡುತ್ತದೆ: ಹಾಕಿದ್ದಷ್ಟೇ ಅದರಲ್ಲಿರುತ್ತದೆ. ಗಿಡ ವಾಸಿ. ನೀರೆರೆಯುವ ಕೈ 15ನೇ ವರ್ಷ ಚೌಕಟ್ಟಿನಿಂದ ಸರಿದರೂ ಕೊಂಬೆ ಚಾಚುತ್ತಲೇ ಇರಬಹುದು.

ಎಷ್ಟು ಚಾಚಬೇಕು? ವಾರ್ಷಿಕ ಶೇ 8.2ರ ಬಡ್ಡಿ ಹಾಗೆಯೇ ಉಳಿಯಿತೆಂದುಕೊಂಡರೆ ಆರು ವರ್ಷದಲ್ಲಿ 1 ಲಕ್ಷ ರೂಪಾಯಿ ಸುಮಾರು 1.60 ಲಕ್ಷವಾಗುತ್ತದೆ. ಕಲಾವಿದರು ಎಡವುವುದು ಇಲ್ಲಿಯೇ. ಚಿತ್ರವನ್ನು ಉದ್ದ, ಅಗಲ ಎರಡರಲ್ಲೂ 1.6 ಪಟ್ಟು ಹಿಗ್ಗಿಸಿದರೆ ಅದು ತುಂಬುವ ಜಾಗ 2.56 ಪಟ್ಟಾಗುತ್ತದೆ, ನೋಡುಗರಿಗೆ ಇಲ್ಲದ ಲಾಭ ಕಾಣುತ್ತದೆ. ಆದ್ದರಿಂದ ಗಿಡದ ಪಕ್ಕದಲ್ಲೇ ಒಂದೇ ಅಗಲದ ನಾಣ್ಯಗಳ ಸಾಲು ನಿಲ್ಲಿಸಿ, ಎತ್ತರವನ್ನು ಮಾತ್ರ ಬದಲಿಸುವುದು ಪ್ರಾಮಾಣಿಕ ದಾರಿ. ಪ್ರತಿ ವರ್ಷದ ಏರಿಕೆಯೂ ಹಿಂದಿನದಕ್ಕಿಂತ ತುಸು ದೊಡ್ಡದಿರಬೇಕು. ಒಂದೇ ವೇಗದಲ್ಲಿ ಏರಿಸಿದರೆ ಅದು ಸರಳಬಡ್ಡಿಯ ಚಿತ್ರ.

ರೂಪಕಕ್ಕೆ ನಿಲುಕದ ಸಂಗತಿಯೂ ಒಂದಿದೆ. ಬಡ್ಡಿದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಅದು ಬದಲಾಗಬಹುದು. ಇದನ್ನು ಪರದೆಯ ಮೇಲೆ ಅಕ್ಷರದಲ್ಲೇ ಬರೆಯಬೇಕು, ಅದೂ ಓದಲು ಸಾಕಾಗುವಷ್ಟು ಹೊತ್ತು.