ಮಳೆ ಬರುತ್ತಿದೆ ಎಂದು ಯಾರಿಗೆ ಹೇಳಿದರು? ಕೊರಿಯನ್ ಧಾರಾವಾಹಿಯ ಮರ್ಯಾದೆ ಮಾತು ಮತ್ತು ಕನ್ನಡ ಸಬ್‌ಟೈಟಲ್

ಕೊರಿಯನ್ ಭಾಷೆಯಲ್ಲಿ ಮರ್ಯಾದೆಯ ಮಾತಿಗೆ ಜೊಂದೆನ್‌ಮಲ್ ಎಂದೂ ಸಲುಗೆಯ ಮಾತಿಗೆ ಬನ್‌ಮಲ್ ಎಂದೂ ಹೆಸರು. ನಮ್ಮಲ್ಲೂ ನೀವು, ನೀನು ಇವೆಯಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರಾಯಿತು ಎಂದು ಮೊದಲಿಗೆ ಅನಿಸುತ್ತದೆ. ಅನೇಕ ಕಡೆ ಅಷ್ಟೇ ಸಾಕು. ಸಾಲದ ಕಡೆ ಏನು ಮಾಡಬೇಕು ಎಂಬುದು ಈ ಟಿಪ್ಪಣಿಯ ವಿಷಯ.

ಕೊರಿಯನ್ನಿನಲ್ಲಿ ಮರ್ಯಾದೆ ಎರಡು ಕಡೆ ಕೂರುತ್ತದೆ. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರಿಗೆ ಸಲ್ಲುವ ಗೌರವ ಕ್ರಿಯಾಪದದ ನಡುವೆ ‘ಶಿ’ ಎಂಬ ಪ್ರತ್ಯಯವಾಗಿ ಬರುತ್ತದೆ. ಯಾರೊಡನೆ ಮಾತಾಡುತ್ತಿದ್ದೇವೋ ಅವರಿಗೆ ಸಲ್ಲುವುದು ವಾಕ್ಯದ ತುದಿಯಲ್ಲಿರುತ್ತದೆ: ‘ಯೊ’ ಅಥವಾ ‘ನಿದಾ’ ಇದ್ದರೆ ಮರ್ಯಾದೆ, ಇಲ್ಲದಿದ್ದರೆ ಸಲುಗೆ. ಅಜ್ಜಿ ಬಂದ ಸುದ್ದಿಯನ್ನು ಗೆಳೆಯನಿಗೆ ಹೇಳುವ ಹುಡುಗ ‘ಹಲ್ಮೊನಿಗಾ ಒಶ್ಯೊಸ್ಸೊ’ ಎನ್ನುತ್ತಾನೆ. ಅಜ್ಜಿಗೆ ಗೌರವ ಉಂಟು, ಗೆಳೆಯನಿಗೆ ಬನ್‌ಮಲ್. ಕನ್ನಡದಲ್ಲಿ ಇದು ಸರಾಗವಾಗಿ ಬರುತ್ತದೆ: ‘ಅಜ್ಜಿ ಬಂದ್ರು ಕಣೋ’. ‘ಬಂದ್ರು’ ಅಜ್ಜಿಗೆ, ‘ಕಣೋ’ ಗೆಳೆಯನಿಗೆ. ಇಂಥ ಸಾಲಿನಲ್ಲಿ ಇಂಗ್ಲಿಷ್ ಎರಡನ್ನೂ ಕಳೆದುಕೊಳ್ಳುತ್ತದೆ, ಕನ್ನಡ ಎರಡನ್ನೂ ಉಳಿಸಿಕೊಳ್ಳುತ್ತದೆ.

ತೊಡಕು ಬರುವುದು ಎದುರಿಗಿರುವವರು ವಾಕ್ಯದ ಕರ್ತೃವಾಗಿಲ್ಲದಾಗ. ‘ಪಿಗಾ ವಾಯೊ’ ಎಂದರೂ ‘ಪಿಗಾ ವಾ’ ಎಂದರೂ ಅರ್ಥ ‘ಮಳೆ ಬರ್ತಿದೆ’ ಎಂದೇ. ಕೊರಿಯನ್ ಕಿವಿಗೆ ಮೊದಲನೆಯದು ಮೇಲಧಿಕಾರಿಗೋ ಅಪರಿಚಿತರಿಗೋ ಹೇಳಿದ್ದು, ಎರಡನೆಯದು ಆಪ್ತರಿಗೆ ಹೇಳಿದ್ದು ಎಂದು ಕೂಡಲೇ ತಿಳಿಯುತ್ತದೆ. ಕನ್ನಡದ ‘ಬರ್ತಿದೆ’ ಮಳೆಯನ್ನು ಅನುಸರಿಸುತ್ತದೆಯೇ ಹೊರತು ಕೇಳುವವರನ್ನಲ್ಲ. ನಮ್ಮ ಕ್ರಿಯಾಪದದ ಬಹುವಚನ ಕರ್ತೃವಿಗೆ ಕಟ್ಟುಬಿದ್ದಿದೆ. ಕೇಳುಗರನ್ನು ಗುರುತಿಸಲು ಬೇರೊಂದು ಮಾತನ್ನು ಸೇರಿಸಬೇಕಾಗುತ್ತದೆ.

ಸೇರಿಸಲು ಜಾಗ ಕಡಿಮೆ. ನೆಟ್‌ಫ್ಲಿಕ್ಸ್‌ನ ನಿಯಮದ ಪ್ರಕಾರ ಒಂದು ಸಬ್‌ಟೈಟಲ್ ಎರಡು ಸಾಲು ಮೀರಬಾರದು. ಪರದೆಯ ಮೇಲೆ ಅದು ಕನಿಷ್ಠ ಒಂದು ಸೆಕೆಂಡಿನ ಆರರಲ್ಲಿ ಐದು ಭಾಗ, ಗರಿಷ್ಠ 7 ಸೆಕೆಂಡು ಇರಬೇಕು. ಸಲುಗೆಯ ಮಾತು ಒಂದು ಸೆಕೆಂಡಿನೊಳಗೇ ಮುಗಿದುಬಿಡುವುದುಂಟು. ಜೊತೆಗೆ ಕನ್ನಡಕ್ಕೆ ಲೆಕ್ಕದ ಇನ್ನೊಂದು ಕಷ್ಟವಿದೆ. ಯೂನಿಕೋಡ್ ಪ್ರಕಾರ ಎಣಿಸುವ ತಂತ್ರಾಂಶಕ್ಕೆ ಕಾಗುಣಿತದ ಚಿಹ್ನೆ, ಒತ್ತಕ್ಷರದ ವಿರಾಮ, ಎಲ್ಲವೂ ಒಂದೊಂದು ಅಕ್ಷರ. ಓದುವ ಕಣ್ಣಿಗೆ ‘ಹುಷಾರಾಗಿದ್ದೀರಾ’ ಆರು ಅಕ್ಷರವಾದರೆ ತಂತ್ರಾಂಶಕ್ಕೆ ಹದಿನಾಲ್ಕು. ಸಾಲು ಉದ್ದವಾಯಿತು ಎಂಬ ಎಚ್ಚರಿಕೆ ಕಂಡಾಗ ಮೊದಲು ಕತ್ತರಿಗೆ ಸಿಗುವುದು ‘ನೀವು’, ‘ಸರ್’, ‘ರೀ’ ಮುಂತಾದ ಮಾತುಗಳೇ. ಮರ್ಯಾದೆ ಅಲ್ಲಿಯೇ ಕುಳಿತಿದ್ದರೆ ಅವುಗಳ ಜೊತೆಗೆ ಅದೂ ಹೋಗುತ್ತದೆ.

ವಿವರಕ್ಕಾಗಿ ಒಂದು ಸನ್ನಿವೇಶ ಕಟ್ಟಿಕೊಳ್ಳೋಣ. ಒಂದೇ ಕಚೇರಿಯ ಇಬ್ಬರು, ಪರಸ್ಪರ ಜೊಂದೆನ್‌ಮಲ್. ಮಧ್ಯಾಹ್ನ ಅವಳ ಮುಖ ಬಾಡಿರುವುದನ್ನು ಕಂಡು ಅವನು ‘ಕ್ವೆಂಚನಾಯೊ?’ ಎಂದು ಕೇಳುತ್ತಾನೆ. ಸಂಜೆ ಬಾಗಿಲ ಬಳಿ ನಿಂತ ಅವಳು ‘ಪಿಗಾ ವಾಯೊ’ ಎನ್ನುತ್ತಾಳೆ. ಅವಳಿಗೆ ಜ್ವರ ಏರಿದೆ. ಅವನು ಗಾಬರಿಯಲ್ಲಿ ‘ಕ್ವೆಂಚನಾ?’ ಎಂದುಬಿಡುತ್ತಾನೆ. ಅವಳು ‘ವೆ ಬನ್‌ಮಲಿಯೆಯೊ?’ ಎಂದು ಪ್ರಶ್ನಿಸುತ್ತಾಳೆ. ಕತೆ ತಿರುಗುವುದು ಮೂರನೆಯ ಸಾಲಿನಲ್ಲಿ ಬಿಟ್ಟುಹೋದ ಆ ಒಂದು ‘ಯೊ’ದಿಂದ.

ಕನ್ನಡಕ್ಕೆ ತರುವವರ ಕೈಗೆ ಬಹುಮಟ್ಟಿಗೆ ಬರುವುದು ಇಂಗ್ಲಿಷ್ ಪಠ್ಯ. ಅದರಲ್ಲಿ ಒಂದನೆಯ ಮತ್ತು ಮೂರನೆಯ ಸಾಲುಗಳು ಅಕ್ಷರಶಃ ಒಂದೇ ಆಗಿರುತ್ತವೆ. ಕೊನೆಯ ಸಾಲು ‘ಯಾಕೆ ಇಷ್ಟು ಸಲುಗೆಯಿಂದ ಇದ್ದೀರಿ’ ಎಂಬ ಅರ್ಥದ್ದಾಗಿರುತ್ತದೆ. ಅದನ್ನೇ ನಂಬಿ ಬರೆದರೆ ಎರಡು ಸಲವೂ ‘ಹುಷಾರಾಗಿದ್ದೀಯಾ?’ ಎಂದಾಗಿ, ಕೊನೆಗೆ ಅವಳು ಅವನ ನಡತೆಯ ಮೇಲೆ ಆರೋಪ ಹೊರಿಸಿದಂತೆ ಕಾಣುತ್ತದೆ. ತಪ್ಪನ್ನು ಹಿಡಿಯುವ ದಾರಿಯೂ ಇಲ್ಲೇ ಇದೆ: ತೆರೆಯ ಮೇಲೆ ನಡೆಯದೇ ಇದ್ದ ಸಂಗತಿಗೆ ಪಾತ್ರವೊಂದು ಸಿಟ್ಟಾದರೆ ಅಥವಾ ನಾಚಿದರೆ, ಮೇಲಿನ ಸಾಲುಗಳಲ್ಲಿ ಎಲ್ಲೋ ಮಾತಿನ ಮಟ್ಟ ಬಿದ್ದುಹೋಗಿದೆ ಎಂದು ತಿಳಿಯಬೇಕು.

ನನ್ನ ಆಯ್ಕೆ ಹೀಗಿದೆ. ಒಂದನೆಯದು ‘ಹುಷಾರಾಗಿದ್ದೀರಾ?’, ಮೂರನೆಯದು ‘ಹುಷಾರಾಗಿದ್ದೀಯಾ?’. ಎರಡರ ಉದ್ದವೂ ಒಂದೇ. ‘ನೀವು’ ಎಂದು ಸೇರಿಸಿದರೆ ಖಾಲಿ ಜಾಗವೂ ಸೇರಿ ಐದು ಅಕ್ಷರ ಹೆಚ್ಚಾಗುತ್ತದೆ. ಕ್ರಿಯಾಪದದ ತುದಿಯೇ ಹೇಳುತ್ತಿರುವುದರಿಂದ ಅದರ ಅಗತ್ಯವಿಲ್ಲ. ‘ಪರವಾಗಿಲ್ವಾ?’ ಎಂಬುದು ಚಿಕ್ಕದು, ಸಹಜವೂ ಹೌದು. ಆದರೆ ಅದಕ್ಕೆ ಏಕವಚನ, ಬಹುವಚನದ ಭೇದವಿಲ್ಲ. ಹಾಗಾಗಿ ಈ ದೃಶ್ಯದಲ್ಲಿ ಅದನ್ನು ಬಿಡಲೇಬೇಕು.

ಕೊನೆಯ ಸಾಲಿಗೆ ‘ಏಕವಚನ ಯಾಕೆ?’. ‘ಅವನು ನನ್ನನ್ನ ಏಕವಚನದಲ್ಲಿ ಮಾತಾಡಿಸಿದ’ ಎಂದು ನಮ್ಮವರು ದೂರುವಾಗ ಯಾರಿಗೂ ವ್ಯಾಕರಣದ ಪಾಠ ನೆನಪಾಗುವುದಿಲ್ಲ. ಬನ್‌ಮಲ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಮಾತು ಬೇಕಿಲ್ಲ. ಧಾರಾವಾಹಿಗಳಲ್ಲಿ ಮತ್ತೆ ಮತ್ತೆ ಬರುವ, ಇನ್ನು ಮುಂದೆ ಸಲುಗೆಯಿಂದ ಮಾತಾಡೋಣ ಎಂಬ ಮಾತಿಗೂ ‘ಬಹುವಚನ ಬೇಡ’ ಎಂಬ ಎರಡೇ ಪದ ಸಾಕು.

ಉಳಿದದ್ದು ಮಳೆಯ ಸಾಲು. ‘ಮಳೆ ಬರ್ತಿದೆ ರೀ’ ಎನ್ನಬಹುದೇ? ಧಾರವಾಡದ ಓದುಗರಿಗೆ ‘ರೀ’ ಯಾರಿಗೂ ಸಲ್ಲುವ ಮರ್ಯಾದೆ. ಮೈಸೂರು ಕಡೆಯವರಿಗೆ ಹೆಣ್ಣು ಗಂಡನ್ನು ‘ರೀ’ ಎಂದಳೆಂದರೆ ಅವರಿಬ್ಬರೂ ಗಂಡಹೆಂಡಿರು ಎನಿಸೀತು. ಪ್ರೇಮ ಇನ್ನೂ ಮೊಳೆಯದ ಕತೆಗೆ ಇದು ದೊಡ್ಡ ಅಪಾಯ. ಸಲುಗೆಯ ಕಡೆ ‘ಕಣೋ’, ‘ಕಣೇ’ಗಳಿಗೆ ಬೇರೆ ತೊಡಕಿದೆ. ಅವು ಕೇಳುಗರ ಲಿಂಗವನ್ನು ಹೇಳುತ್ತವೆ, ಕೊರಿಯನ್ ತುದಿ ಹೇಳುವುದಿಲ್ಲ. ಗಂಡು ಹೆಣ್ಣಿಗೆ ‘ಕಣೇ’ ಎಂದರೆ ಬನ್‌ಮಲ್‌ಗಿಂತ ಒಂದು ಮೆಟ್ಟಿಲು ಹೆಚ್ಚೇ ಹತ್ತಿರ ಹೋದಂತೆ. ಹೀಗಾಗಿ ನಾನು ನಂಬುವುದು ‘ನೋಡಿ’, ‘ನೋಡು’ ಜೋಡಿಯನ್ನು. ‘ಮಳೆ ಬರ್ತಿದೆ ನೋಡಿ’ ಎಂಬುದಕ್ಕೆ ಊರಿನ ಹಂಗಿಲ್ಲ, ಲಿಂಗದ ಹಂಗೂ ಇಲ್ಲ, ಐದು ಅಕ್ಷರದಲ್ಲಿ ಕೆಲಸ ಮುಗಿಯುತ್ತದೆ. ಹಾಗೆಂದು ಪ್ರತಿ ಸಾಲಿಗೂ ಹಚ್ಚಿದರೆ ಪಾತ್ರಗಳೆಲ್ಲ ಒಂದೇ ಬಗೆಯಲ್ಲಿ ಮಾತಾಡಿದಂತಾಗುತ್ತದೆ. ಇಬ್ಬರ ನಡುವಿನ ಮಟ್ಟ ಒಮ್ಮೆ ಸ್ಥಿರವಾಯಿತೆಂದರೆ ಬರಿಯ ‘ಮಳೆ ಬರ್ತಿದೆ’ ಸಾಕು. ಮಟ್ಟ ಬದಲಾಗುವ ಸಾಲಿನಲ್ಲಿ ಮಾತ್ರ ಅರ್ಥದ ಒಂದಂಶವನ್ನು ಕೈಬಿಟ್ಟಾದರೂ ಗುರುತು ಉಳಿಸಬೇಕು.

ಆ ಸಾಲನ್ನು ಹುಡುಕಲು ಕೊರಿಯನ್ ಬರಲೇಬೇಕೆಂದಿಲ್ಲ. ಇಂಗ್ಲಿಷ್ ಪಠ್ಯ ಮುಂದಿಟ್ಟುಕೊಂಡಿದ್ದರೂ ಧ್ವನಿಯನ್ನು ಹಾಕಿ ವಾಕ್ಯದ ತುದಿಗೆ ಕಿವಿಗೊಡಬೇಕು. ‘ಯೊ’, ‘ಜ್ಯೊ’, ‘ನಿದಾ’, ‘ನಿಕ್ಕಾ’ ಕೇಳಿಸಿದರೆ ಮರ್ಯಾದೆ. ‘ಯಾ’ ಕೇಳಿಸಿದರೆ ಸಾಮಾನ್ಯವಾಗಿ ಬನ್‌ಮಲ್. ‘ಯೊ’ಗೂ ಇದಕ್ಕೂ ಒಂದೇ ಸ್ವರದ ಅಂತರ, ಅವಸರದ ಮಾತಿನಲ್ಲಿ ಎರಡು ಸಲ ಕೇಳುವುದು ಒಳ್ಳೆಯದು. 2014ರ ‘ಮಿಸೆಂಗ್’ನಂಥ ಕಚೇರಿಯ ಕತೆಗಳಲ್ಲಿ ಹೊಸಬರು ‘ನಿದಾ’ ಎನ್ನುತ್ತಾರೆ, ಮೇಲಿನವರು ಬನ್‌ಮಲ್ ಆಡುತ್ತಾರೆ; ಯಾರು ಯಾರಿಗಿಂತ ಮೇಲೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ರಾಜರ ಕಾಲದ ಧಾರಾವಾಹಿಗಳಿಗೆ ಈ ಉಪಾಯ ಸಾಲದು. ಅಲ್ಲಿ ‘ಓ’, ‘ಸೊ’ ಎಂದು ಮುಗಿಯುವ ಹಳೆಯ ಗೌರವರೂಪಗಳಿವೆ, ‘ಯೊ’ ಇಲ್ಲವೆಂದು ಅವನ್ನು ಏಕವಚನಕ್ಕೆ ಇಳಿಸಿದರೆ ತಪ್ಪಾಗುತ್ತದೆ.

ಇಂಗ್ಲಿಷ್ ಪಠ್ಯ ಸಿದ್ಧಪಡಿಸುವವರು ಮೂಲವನ್ನು ಬಲ್ಲವರು. ಮಟ್ಟ ಬದಲಾಗುವ ಸಾಲಿನ ಪಕ್ಕದಲ್ಲಿ ಒಂದು ಗುರುತು ಹಾಕಿ ಕಳಿಸಿದರೆ ಕನ್ನಡಕ್ಕಷ್ಟೇ ಅಲ್ಲ, ನೀನು ಮತ್ತು ನೀವುಗಳ ಭೇದ ಇರುವ ತಮಿಳು, ತೆಲುಗು, ಹಿಂದಿ ಎಲ್ಲಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ಅಷ್ಟು ಶ್ರಮವನ್ನು ಅವರು ವಹಿಸಬೇಕು.