ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ: ವಕೀಲರ ನೋಟಿಸ್ ಯಾವಾಗ ಕಳುಹಿಸಬೇಕು?

ಕಿರುಕುಳಕ್ಕೆ ಒಳಗಾದ ಮಹಿಳೆ ಮೊದಲು ವಕೀಲರ ನೋಟಿಸ್ ಕಳುಹಿಸಿ ಉತ್ತರಕ್ಕಾಗಿ ಕಾಯುವುದುಂಟು. ಆದರೆ ನೋಟಿಸ್ ದೂರಲ್ಲ. 2013ರ ಕಾಯ್ದೆಯಂತೆ ಕೊನೆಯ ಘಟನೆಯಿಂದ 3 ತಿಂಗಳೊಳಗೆ ಸಮಿತಿಗೆ ಲಿಖಿತ ದೂರು ಕೊಡಬೇಕು. ತಡಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ನೋಟಿಸ್ ಕಳುಹಿಸಿದ ಮಾತ್ರಕ್ಕೆ ಈ ಅವಧಿ ನಿಲ್ಲುವುದಿಲ್ಲ. ಕೋಲ್ಕತ್ತಾದ ಒಂದು ಪ್ರಕರಣದಲ್ಲಿ 2023ರ ಏಪ್ರಿಲ್ ಘಟನೆಗೆ ಡಿಸೆಂಬರಿನಲ್ಲಿ ದೂರು ಕೊಡಲಾಗಿತ್ತು. ಅವಧಿ ಮೀರಿದೆ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು.

ದೂರು ಎಲ್ಲಿಗೆ?

ನಿಲಂಗಾದ ಅಂಗಡಿಯೊಂದರಲ್ಲಿ 7 ಜನ ಕೆಲಸಗಾರರಿದ್ದಾರೆ, ಕಿರುಕುಳ ಕೊಟ್ಟವನು ಮಾಲೀಕನೇ ಎಂದಿಟ್ಟುಕೊಳ್ಳಿ. 10ಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಆರೋಪ ಮಾಲೀಕನ ಮೇಲೇ ಇದ್ದರೆ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ನಿಲಂಗಾ, ಉದಗೀರಕ್ಕೆ ಲಾತೂರು ಜಿಲ್ಲೆ, ಉಮರ್ಗಾಕ್ಕೆ ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆ. ತಾಲೂಕಿನ ನೋಡಲ್ ಅಧಿಕಾರಿಗೂ ದೂರು ಕೊಡಬಹುದು. ಅವರು 7 ದಿನದೊಳಗೆ ಅದನ್ನು ಸಮಿತಿಗೆ ಕಳುಹಿಸಬೇಕು. ಮನೆ ಉಮರ್ಗಾದಲ್ಲಿದ್ದು ಕೆಲಸ ಬಸವಕಲ್ಯಾಣದಲ್ಲಿದ್ದರೆ ಬೀದರ ಜಿಲ್ಲೆಯ ಸಮಿತಿಯೇ ನೋಡಬೇಕು.

ಈ ಮಹಿಳೆಗೆ ಕೊನೆಯ ಘಟನೆ ಮಾರ್ಚ್ 10ರಂದು ಆಯಿತು ಎನ್ನಿ. ಮೇ 25ಕ್ಕೆ ನೋಟಿಸ್ ಕಳುಹಿಸಿ 15 ದಿನ ಕಾದರೆ ಜೂನ್ 9 ಆಗುತ್ತದೆ, ಮೂರು ತಿಂಗಳು ಮುಗಿಯಲು ಒಂದೇ ದಿನ. ಆದ್ದರಿಂದ ದೂರು ಮೊದಲು, ನೋಟಿಸ್ ಅದರ ಜೊತೆಗೆ ಅಥವಾ ನಂತರ.

ನೋಟಿಸಿನಲ್ಲಿ ಏನಿರಬೇಕು?

ಕೆಲಸಕ್ಕೆ ಸೇರಿದ ದಿನ, ಪಗಾರ, ಪ್ರತಿ ಘಟನೆಯ ತಾರೀಖು, ಜಾಗ, ಆಡಿದ ಮಾತು ಇರಬೇಕು. ದೂರು ಕೊಟ್ಟಿದ್ದನ್ನೂ ತಿಳಿಸಬೇಕು. ಸಿಸಿಟಿವಿ ದೃಶ್ಯ ಅಳಿಸಬಾರದು, ಕೆಲಸದಿಂದ ತೆಗೆಯಬಾರದು, ಬಾಕಿ ಪಗಾರ ಕೊಡಬೇಕು ಎಂಬ ಬೇಡಿಕೆಗಳನ್ನು ಗಡುವಿನೊಂದಿಗೆ ಬರೆಯಬೇಕು. ಮಾಲೀಕನಿಗೆ ಮರಾಠಿ ಮಾತ್ರ ಬರುತ್ತಿದ್ದರೆ ಮರಾಠಿಯಲ್ಲೇ ಇರಲಿ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಬೇಕು. ದೂರಿನ ವಿವರ, ಹೆಸರುಗಳನ್ನು ಪತ್ರಿಕೆಗೆ ಕೊಡುವಂತಿಲ್ಲ. ಕಾಯ್ದೆಯೇ ಅದನ್ನು ತಡೆಯುತ್ತದೆ.

ನಂತರ ಏನು ಬದಲಾಗುತ್ತದೆ?

ನೋಟಿಸ್ ತಲುಪಿದ ಮೇಲೆ "ನನಗೆ ಗೊತ್ತೇ ಇರಲಿಲ್ಲ" ಎಂದು ಮಾಲೀಕ ಹೇಳಲಾರ. ಆ ನಂತರ ಕೆಲಸದಿಂದ ತೆಗೆದರೆ ಅದು ಸೇಡಿನ ಕ್ರಮ ಎಂದು ವಾದಿಸಲು ತಾರೀಖೇ ಆಧಾರ. ಆದರೆ ಬರೆದ ಮಾತು ಮಹಿಳೆಯನ್ನೂ ಕಟ್ಟಿಹಾಕುತ್ತದೆ. ದೂರಿನಲ್ಲೊಂದು ತಾರೀಖು, ನೋಟಿಸಿನಲ್ಲಿ ಇನ್ನೊಂದು ಇದ್ದರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. "ಇಷ್ಟು ಲಕ್ಷ ಕೊಟ್ಟರೆ ದೂರು ವಾಪಸ್" ಎಂದು ಬರೆದರೆ ಬ್ಲ್ಯಾಕ್‌ಮೇಲ್ ಎಂಬ ಆರೋಪ ಬರಬಹುದು. ಕಾಯ್ದೆಯಡಿಯ ರಾಜಿಗೆ ಹಣ ಆಧಾರವಾಗುವಂತಿಲ್ಲ. ಪರಿಹಾರವನ್ನು ಸಮಿತಿಯ ಮುಂದೆ ಕೇಳಬೇಕು. ಮಾನನಷ್ಟದ ಬೆದರಿಕೆಯ ಉತ್ತರ ಬಂದರೆ ಅದನ್ನೂ ಕಾದಿಡಬೇಕು. ಎದುರು ಪಕ್ಷದ ವಾದ ಏನೆಂಬುದು ಅದರಿಂದಲೇ ಮೊದಲು ತಿಳಿಯುತ್ತದೆ.

ವಕೀಲರ ಫೀ ಕೊಡಲಾಗದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ: 15100.