ಮದರ್ 3: ಪ್ಯಾಚ್ ಹಾಕುವ ಮುನ್ನ ಫೈಲ್ ತಾಳೆ ನೋಡುವುದು

ಶಿಗೆಸಾಟೊ ಇಟೊಯ್ ಕಥೆ ಬರೆದ ‘ಮದರ್ 3’ ಆಟವನ್ನು ನಿಂಟೆಂಡೊ 2006ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ಜಪಾನಿನಲ್ಲಷ್ಟೇ ಬಿಡುಗಡೆ ಮಾಡಿತು. ಅಧಿಕೃತ ಇಂಗ್ಲಿಷ್ ಆವೃತ್ತಿ ಬರಲೇ ಇಲ್ಲ. ಅಭಿಮಾನಿಗಳೇ ಅನುವಾದಿಸಿ 2008ರ ಅಕ್ಟೋಬರಿನಲ್ಲಿ ಪ್ಯಾಚ್ ಹೊರತಂದರು. ಪ್ಯಾಚ್‌ನಲ್ಲಿ ಆಟ ಇರುವುದಿಲ್ಲ, ಬದಲಾದ ಭಾಗಗಳ ವಿವರ ಮಾತ್ರ ಇರುತ್ತದೆ. ಹಾಗಾಗಿ ಆಟದ ಪ್ರತಿ ನಮ್ಮದೇ ಕಾರ್ಟ್ರಿಡ್ಜ್‌ನಿಂದ ಬರಬೇಕು.

## ಬ್ಯಾಕಪ್ ಸರಿಯಿದೆಯೇ?

ಕಾರ್ಟ್ರಿಡ್ಜ್ ರೀಡರ್‌ನಿಂದ ತೆಗೆದ ಪ್ರತಿಯ ಗಾತ್ರ ಸರಿಯಾಗಿ 3,35,54,432 ಬೈಟ್, ಅಂದರೆ 32 ಎಂಬಿ ಇರಬೇಕು. ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ `0xA0` ಸ್ಥಾನದಲ್ಲಿ `MOTHER3` ಎಂಬ ಹೆಸರೂ `0xAC`ನಲ್ಲಿ `A3UJ` ಎಂಬ ಸಂಕೇತವೂ ಕಾಣುತ್ತವೆ. ಇವೆಲ್ಲ ಸರಿಯಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಕಾರ್ಟ್ರಿಡ್ಜ್‌ನ ಪಿನ್‌ಗಳಿಗೆ ಕೊಳೆ ಹಿಡಿದಿದ್ದರೆ ನಡುವೆ ಎಲ್ಲೋ ಕೆಲವು ಬೈಟ್ ತಪ್ಪಾಗಿ ಬರುತ್ತವೆ, ಗಾತ್ರ ಮಾತ್ರ ಹಾಗೇ ಇರುತ್ತದೆ. ಎರಡು ಸಲ ಪ್ರತಿ ತೆಗೆದು ಎರಡರ ಸಿಆರ್‌ಸಿ32 ಸಂಖ್ಯೆ ಹೋಲಿಸಿ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ನೋಡಬಹುದು. ಸಂಖ್ಯೆ ಬೇರೆ ಬೇರೆ ಬಂದರೆ ಪಿನ್ ಒರೆಸಿ ಮತ್ತೆ ತೆಗೆಯಿರಿ.

## ಯುಪಿಎಸ್ ಏಕೆ?

ಹಳೆಯ ಐಪಿಎಸ್ ಪ್ಯಾಚ್‌ಗಳು ಸ್ಥಾನವನ್ನು ಮೂರು ಬೈಟ್‌ಗಳಲ್ಲಿ ಬರೆಯುತ್ತವೆ. ಹಾಗಾಗಿ ಸುಮಾರು 16 ಎಂಬಿಯ ಆಚೆಗೆ ಅವುಗಳ ಕೈ ಚಾಚುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಎದುರಿಗಿರುವ ಫೈಲ್ ಯಾವುದೆಂದು ಐಪಿಎಸ್ ಕೇಳುವುದೇ ಇಲ್ಲ. ತಪ್ಪು ಫೈಲ್ ಕೊಟ್ಟರೂ ‘ಮುಗಿಯಿತು’ ಅನ್ನುತ್ತದೆ. ಅಕ್ಷರಗಳ ಜಾಗದಲ್ಲಿ ಕಸ ಕಂಡಾಗ ಅಥವಾ ಪರದೆ ಕಪ್ಪಾದಾಗಲೇ ತಪ್ಪು ಗೊತ್ತಾಗುವುದು.

ಮದರ್ 3ಕ್ಕೆ ಬಳಸಿದ ಯುಪಿಎಸ್‌ನಲ್ಲಿ ಈ ತೊಂದರೆ ಇಲ್ಲ. ಪ್ಯಾಚ್‌ನ ಕೊನೆಯ 12 ಬೈಟ್‌ಗಳಲ್ಲಿ ಮೂರು ಸಿಆರ್‌ಸಿ32 ಸಂಖ್ಯೆಗಳಿವೆ: ಮೂಲ ಫೈಲಿನದು, ಪ್ಯಾಚ್ ಹಾಕಿದ ಮೇಲಿನ ಫೈಲಿನದು, ಪ್ಯಾಚ್‌ನದು. ಹೆಕ್ಸ್ ಎಡಿಟರ್‌ನಲ್ಲಿ ಬೈಟ್‌ಗಳನ್ನು ಹಿಂದುಮುಂದಾಗಿ ಓದಬೇಕು. `12 34 56 78` ಎಂದು ಕಂಡರೆ ಸಂಖ್ಯೆ `78563412`. ಮೂರರಲ್ಲಿ ಮೊದಲ ಸಂಖ್ಯೆ ನಿಮ್ಮ ಬ್ಯಾಕಪ್‌ನದಕ್ಕೆ ಹೊಂದಬೇಕು.

## ಹಾಕುವುದು

ಬ್ಯಾಕಪ್‌ನ ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಫ್ಲಿಪ್ಸ್ ಎಂಬ ಉಚಿತ ಪ್ರೋಗ್ರಾಂ ಸಾಕು:

```
flips --apply mother3.ups mother3.gba mother3_en.gba
```

ಸಂಖ್ಯೆ ಹೊಂದದಿದ್ದರೆ ಅದು ಅಲ್ಲೇ ನಿಂತು ತಿಳಿಸುತ್ತದೆ. ಪರಿಶೀಲನೆಯನ್ನು ಬಿಟ್ಟು ಮುಂದುವರಿಯುವ ಆಯ್ಕೆಯನ್ನು ಕೆಲವು ಪ್ರೋಗ್ರಾಂಗಳು ಕೊಡುತ್ತವೆ, ಅದನ್ನು ಒತ್ತಬೇಡಿ. ಆಟ ಶುರುವಾದರೂ ಹತ್ತಾರು ಗಂಟೆ ಆಡಿದ ಮೇಲೆ ಒಂದು ದೃಶ್ಯದಲ್ಲಿ ಸಿಕ್ಕಿಕೊಳ್ಳಬಹುದು.

## ಹೊಸ ಆವೃತ್ತಿ ಬಂದಾಗ

ಅನುವಾದ ಆಮೇಲೆ ತಿದ್ದುಪಡಿಗೊಂಡು ಬೇರೆ ಆವೃತ್ತಿಗಳಲ್ಲೂ ಬಂದಿದೆ. ಹೊಸ ಪ್ಯಾಚನ್ನು ಹಳೆಯ ಇಂಗ್ಲಿಷ್ ಫೈಲಿನ ಮೇಲೆ ಹಾಕಲು ಹೋದರೆ ಸಂಖ್ಯೆ ಹೊಂದುವುದಿಲ್ಲ, ಏಕೆಂದರೆ ಅದು ಕೇಳುವುದು ಜಪಾನೀ ಮೂಲವನ್ನು. ಮುಟ್ಟದೆ ಇಟ್ಟ ಬ್ಯಾಕಪ್‌ನಿಂದಲೇ ಮತ್ತೆ ಶುರು ಮಾಡಿ. ಹೊಸ ಫೈಲಿಗೆ ಹಳೆಯದರ ಹೆಸರನ್ನೇ ಇಡಿ. ಹೆಚ್ಚಿನ ಎಮ್ಯುಲೇಟರ್‌ಗಳು ಸೇವ್ ಫೈಲನ್ನು ಆಟದ ಫೈಲಿನ ಹೆಸರು ನೋಡಿಯೇ ಹುಡುಕುತ್ತವೆ.